ಮಸುಕಾದ ಅಂಕಿ: ಊಹೆಯನ್ನು ಒಪ್ಪಬೇಕೆ, ಮತ್ತೆ ಕತ್ತರಿಸಿ ಓದಬೇಕೆ?

ಹಳೆಯ ತೆರಿಗೆ ವಹಿಗಳ ಗಣಕೀಕರಣದ ಕುರಿತು ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಗ್ರಾಮ ಪಂಚಾಯಿತಿಗಳಲ್ಲಿ ಕೈಬರಹದಲ್ಲಿರುವ ಹಳೆಯ ತೆರಿಗೆ ಬೇಡಿಕೆ, ವಸೂಲಿ ಮತ್ತು ಬಾಕಿ ವಹಿಗಳನ್ನು ಗಣಕಯಂತ್ರಕ್ಕೆ ಏರಿಸುವಾಗ ಮೊದಲು ಪುಟವನ್ನು ಸ್ಕ್ಯಾನ್ ಮಾಡಲಾಗುತ್ತದೆ. ಬಳಿಕ ಆ ಚಿತ್ರದಿಂದ ಒಂದೊಂದು ಮನೆಯ ಅಂಕಣವನ್ನು ತುಣುಕಾಗಿ ಕತ್ತರಿಸಿ, ಅಂದರೆ ಕ್ರಾಪ್ ಮಾಡಿ, ಅದರಲ್ಲಿರುವ ಅಂಕಿಯನ್ನು ಓದಿ ದಾಖಲಿಸಲಾಗುತ್ತದೆ. ಓದುವವರು ಡಾಟಾ ಎಂಟ್ರಿ ಆಪರೇಟರ್ ಆಗಿರಬಹುದು, ಅಕ್ಷರ ಗುರುತಿಸುವ ತಂತ್ರಾಂಶವೂ ಆಗಿರಬಹುದು. ಪುಟದ ಬಹುಭಾಗ ಸ್ಪಷ್ಟವಾಗಿಯೇ ಇರುತ್ತದೆ. ತೇವದಿಂದ ಹರಡಿದ ಶಾಯಿ, ಮಡಿಕೆಯ ಗೆರೆ, ರಟ್ಟಿನ ಹೊಲಿಗೆಯ ಬಳಿಯ ನೆರಳು ಬಿದ್ದ ಕೆಲವು ಅಂಕಣಗಳು ಮಾತ್ರ ಮಸುಕಾಗಿರುತ್ತವೆ. ಅಂತಹ ಕಡೆಯೂ ಆಪರೇಟರ್ ಅಥವಾ ತಂತ್ರಾಂಶ ಯಾವುದೋ ಒಂದು ಅಂಕಿಯನ್ನು ಕೊಟ್ಟೇ ಕೊಡುತ್ತದೆ.

ಸಮಸ್ಯೆ ಆರಂಭವಾಗುವುದು ಇಲ್ಲಿಂದಲೇ. ಕಾಗದದ ಮೇಲೆ ಮಸುಕಾದ ಅಂಕಿ ಮಸುಕಾಗಿಯೇ ಕಾಣುತ್ತದೆ, ನೋಡಿದವರಿಗೆ ಅನುಮಾನ ಹುಟ್ಟುತ್ತದೆ. ಅದೇ ಅಂಕಿಯನ್ನು ಊಹಿಸಿ ಗಣಕಯಂತ್ರದಲ್ಲಿ ದಾಖಲಿಸಿದರೆ, ಅದು ಸ್ಪಷ್ಟವಾಗಿ ಓದಿದ ಅಂಕಿಯಷ್ಟೇ ಅಚ್ಚುಕಟ್ಟಾಗಿ ಕಾಣುತ್ತದೆ. ಮುಂದೆ ಅದು ಬೇಡಿಕೆ ನೋಟೀಸಿಗೆ ಹೋಗುತ್ತದೆ, ಮುಂದಿನ ಸಾಲಿನ ಹಿಂದಿನ ಬಾಕಿಯಾಗಿ ಮುಂದುವರಿಯುತ್ತದೆ. ಎರಡು ಮೂರು ವರ್ಷಗಳ ನಂತರ ಆಸ್ತಿಯ ಮಾಲೀಕರು ಪ್ರಶ್ನಿಸಿದಾಗ, ಆ ಮೊತ್ತ ಓದಿ ಬರೆದದ್ದೋ ಊಹಿಸಿ ಬರೆದದ್ದೋ ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ. ಆದುದರಿಂದ ಊಹೆಯನ್ನು ಒಪ್ಪಬೇಕೆ ಅಥವಾ ತುಣುಕನ್ನು ಹೊಸದಾಗಿ ಕತ್ತರಿಸಿ ಮತ್ತೆ ಓದಬೇಕೆ ಎಂಬ ನಿರ್ಧಾರವನ್ನು ಅಂಕಿ ದಾಖಲಾಗುವ ಮೊದಲೇ ಕೈಗೊಳ್ಳಬೇಕಾಗುತ್ತದೆ.

ಒಂದು ಸಾಲಿನ ಉದಾಹರಣೆ

ವಿಷಯವನ್ನು ತಿಳಿಯಲು ವಹಿಯ ಒಂದು ಸಾಲನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಸಾಲಿನಲ್ಲಿ ಐದು ಅಂಕಣಗಳಿವೆ: ಹಿಂದಿನ ಬಾಕಿ, ಪ್ರಸಕ್ತ ಸಾಲಿನ ಬೇಡಿಕೆ, ಒಟ್ಟು ಬೇಡಿಕೆ, ವಸೂಲಿ ಮತ್ತು ಉಳಿದ ಬಾಕಿ. ಆಪರೇಟರ್ ಓದಿದ ಅಂಕಿಗಳು ಕ್ರಮವಾಗಿ 880, 460, 840, 500 ಮತ್ತು 340.

ಹಿಂದಿನ ಬಾಕಿಗೆ ಪ್ರಸಕ್ತ ಬೇಡಿಕೆಯನ್ನು ಕೂಡಿದರೆ ಒಟ್ಟು ಬೇಡಿಕೆ ಬರಬೇಕು. ಇಲ್ಲಿ 880ಕ್ಕೆ 460 ಕೂಡಿದರೆ 1,340 ಆಗುತ್ತದೆ, ವಹಿಯಲ್ಲಿ ಇರುವುದು 840. ಲೆಕ್ಕ ಹೊಂದುತ್ತಿಲ್ಲ. ಯಾವುದೋ ಒಂದು ಅಂಕಿಯ ಓದು ತಪ್ಪಾಗಿರಬೇಕು, ಇಲ್ಲವೇ ವಹಿ ಬರೆದವರೇ ಕೂಡುವುದರಲ್ಲಿ ತಪ್ಪಿರಬೇಕು. ಐದೂ ಅಂಕಣಗಳನ್ನು ಮತ್ತೆ ಓದುವ ಮುನ್ನ ಅನುಮಾನ ಎಲ್ಲಿದೆ ಎಂಬುದನ್ನು ಲೆಕ್ಕದಿಂದಲೇ ಕಿರಿದು ಮಾಡಿಕೊಳ್ಳಬಹುದು.

ಒಟ್ಟು ಬೇಡಿಕೆ 840ರಿಂದ ವಸೂಲಿ 500 ಕಳೆದರೆ 340 ಉಳಿಯುತ್ತದೆ, ಉಳಿದ ಬಾಕಿಯ ಅಂಕಣದಲ್ಲಿಯೂ 340 ಇದೆ. ಅಂದರೆ ಬಲಗಡೆಯ ಮೂರು ಅಂಕಣಗಳು ಪರಸ್ಪರ ಹೊಂದುತ್ತವೆ. ಅನುಮಾನ ಎಡಗಡೆಯ ಎರಡು ಅಂಕಣಗಳ ಮೇಲೆ ಉಳಿಯುತ್ತದೆ. ವ್ಯತ್ಯಾಸ ಸರಿಯಾಗಿ 500. ಪ್ರಸಕ್ತ ಬೇಡಿಕೆಯಾದ 460ರಲ್ಲಿ 500ರ ತಪ್ಪು ಇರಲು ಸಾಧ್ಯವಿಲ್ಲ, ಏಕೆಂದರೆ ಅದರಿಂದ 500 ಕಳೆಯಲು ಬರುವುದಿಲ್ಲ. ಹಾಗಾಗಿ ನೋಡಬೇಕಾದದ್ದು ಹಿಂದಿನ ಬಾಕಿಯ ನೂರರ ಸ್ಥಾನದ ಅಂಕಿಯನ್ನು. ಅದು 8 ಎಂದು ಓದಲಾಗಿದೆ, ಅದಕ್ಕಿಂತ 5 ಕಡಿಮೆಯಾದ ಅಂಕಿ 3. ಕೈಬರಹದಲ್ಲಿ 3 ಮತ್ತು 8 ಪರಸ್ಪರ ಬೆರೆಯುವ ಜೋಡಿ ಎಂಬುದು ವಹಿ ನೋಡಿದವರಿಗೆಲ್ಲ ತಿಳಿದಿದೆ. ಒಂದು ಕೂಡುವ ಲೆಕ್ಕ, ಒಂದು ಕಳೆಯುವ ಲೆಕ್ಕ ಇವೆರಡೇ ಐದು ಅಂಕಣಗಳ ಅನುಮಾನವನ್ನು ಒಂದೇ ಅಂಕಿಗೆ ಇಳಿಸಿವೆ.

ಮೊದಲ ಓದು ತಪ್ಪಿದ್ದೇಕೆ?

ಈ ಉದಾಹರಣೆಯಲ್ಲಿ ಪುಟವನ್ನು ಅಂಗುಲಕ್ಕೆ 300 ಚುಕ್ಕೆಗಳ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಲಾಗಿತ್ತು. ಇಂತಹ ಚುಕ್ಕೆಗಳಿಗೆ ಪಿಕ್ಸೆಲ್ ಎನ್ನುತ್ತಾರೆ. 3 ಮಿಲಿಮೀಟರ್ ಎತ್ತರದ ಅಂಕಿಗೆ ಆ ಪ್ರಮಾಣದಲ್ಲಿ ಸುಮಾರು 35 ಪಿಕ್ಸೆಲ್ ಎತ್ತರ ದೊರೆಯುತ್ತದೆ, ಓದಲು ಅದು ಸಾಕು. ಆದರೆ ಕಡತ ದೊಡ್ಡದಾಯಿತೆಂದು ಅದನ್ನು ಅಂಗುಲಕ್ಕೆ 100 ಚುಕ್ಕೆಗಳಿಗೆ ಇಳಿಸಿದ ಪಿಡಿಎಫ್ ಆಪರೇಟರಿಗೆ ತಲುಪಿತ್ತು. ಅದರಲ್ಲಿ ಅದೇ ಅಂಕಿಗೆ ಉಳಿದದ್ದು ಸುಮಾರು 12 ಪಿಕ್ಸೆಲ್ ಎತ್ತರ ಮಾತ್ರ.

ಹಿಂದಿನ ಬಾಕಿಯ ಅಂಕಣದ ಎಡಗಡೆಗೆ ಒಂದು ಲಂಬ ಗೆರೆ ಇದೆ. ಬರೆದವರು ಅಂಕಿಯನ್ನು ಆ ಗೆರೆಗೆ ಬಹಳ ಹತ್ತಿರವಾಗಿ ಬರೆದಿದ್ದಾರೆ. ಅಂಕಿಗೂ ಗೆರೆಗೂ ನಡುವೆ ಕಾಗದದ ಮೇಲೆ ಅರ್ಧ ಮಿಲಿಮೀಟರ್ ಅಂತರವಿದೆ. ಮೂಲ ಚಿತ್ರದಲ್ಲಿ ಆ ಅಂತರ ಸುಮಾರು 6 ಪಿಕ್ಸೆಲ್, ಇಳಿಸಿದ ಚಿತ್ರದಲ್ಲಿ ಸುಮಾರು 2 ಪಿಕ್ಸೆಲ್. ಚಿತ್ರವನ್ನು ಸಂಕುಚಿಸುವಾಗ ಆ 2 ಪಿಕ್ಸೆಲ್‌ಗಳ ಬಿಳುಪು ಬೂದುಬಣ್ಣಕ್ಕೆ ತಿರುಗಿ ಗೆರೆ ಅಂಕಿಗೆ ಅಂಟಿಕೊಂಡಿತು. 3ರ ಎಡಬದಿ ತೆರೆದಿರುತ್ತದೆ, 8ರ ಎಡಬದಿ ಮುಚ್ಚಿರುತ್ತದೆ. ಅಂಕಣದ ಗೆರೆಯೇ 3ರ ಬಾಯನ್ನು ಮುಚ್ಚಿ ಅದನ್ನು 8 ಮಾಡಿತು. ಓದಿದವರ ಕಣ್ಣಿನಲ್ಲಿ ದೋಷವಿರಲಿಲ್ಲ, ಅವರ ಮುಂದಿದ್ದ ತುಣುಕಿನಲ್ಲಿ ದೋಷವಿತ್ತು.

ಇಂತಹ ತಪ್ಪನ್ನು ಅದೇ ತುಣುಕನ್ನು ಹತ್ತು ಬಾರಿ ನೋಡಿದರೂ ಸರಿಪಡಿಸಲಾಗದು. ಪರದೆಯ ಮೇಲೆ ದೊಡ್ಡದು ಮಾಡಿದರೂ ಪ್ರಯೋಜನವಿಲ್ಲ. ಹಿಗ್ಗಿಸುವುದರಿಂದ ಇರುವ 12 ಪಿಕ್ಸೆಲ್‌ಗಳೇ ದೊಡ್ಡವಾಗಿ ಕಾಣುತ್ತವೆಯೇ ಹೊರತು ಕಳೆದುಹೋದ ಬಿಳುಪು ಮರಳಿ ಬರುವುದಿಲ್ಲ. ಅಂಚುಗಳನ್ನು ಹರಿತಗೊಳಿಸುವ ತಂತ್ರಾಂಶ ಬಳಸಿದರೆ ಇಲ್ಲದ ಗೆರೆ ಇನ್ನಷ್ಟು ಗಟ್ಟಿಯಾಗುವ ಅಪಾಯವೂ ಇದೆ.

ಮತ್ತೆ ಕತ್ತರಿಸುವ ಕ್ರಮ

ಹೊಸ ತುಣುಕನ್ನು ಮೂಲ ಸ್ಕ್ಯಾನ್ ಕಡತದಿಂದಲೇ ತೆಗೆಯಬೇಕು. ಇಳಿಸಿದ ಪಿಡಿಎಫ್ ಅಥವಾ ವಾಟ್ಸ್‌ಆಪ್ ಮೂಲಕ ಬಂದ ಚಿತ್ರದಿಂದ ತೆಗೆದ ತುಣುಕು ಮರು-ಓದಿಗೆ ಯೋಗ್ಯವಲ್ಲ, ಏಕೆಂದರೆ ಅವುಗಳಲ್ಲಿ ಸೂಕ್ಷ್ಮ ವಿವರಗಳು ಈಗಾಗಲೇ ಹೋಗಿರುತ್ತವೆ.

ಅಂಕಿಯ ಅಂಚಿಗೆ ತಾಗುವಂತೆ ಬಿಗಿಯಾಗಿ ಕತ್ತರಿಸುವುದೂ ತಪ್ಪೇ. ತುಣುಕಿನಲ್ಲಿ ಪೂರ್ಣ ಅಂಕಣ, ಅದರ ಎರಡೂ ಬದಿಯ ಗೆರೆಗಳು, ಮೇಲಿನ ಮತ್ತು ಕೆಳಗಿನ ಸಾಲುಗಳ ಸ್ವಲ್ಪ ಭಾಗ ಸೇರಿರಬೇಕು. ಆಗ ಕಾಣುವ ರೇಖೆ ಅಂಕಿಯದೋ, ಅಂಕಣದ್ದೋ, ಮೇಲಿನ ಸಾಲಿನಿಂದ ಇಳಿದುಬಂದ ಬಾಲವೋ ಎಂಬುದು ತಿಳಿಯುತ್ತದೆ. ಚಿತ್ರವನ್ನು ಪೂರ್ಣ ಕಪ್ಪು-ಬಿಳುಪಿಗೆ ತಿರುಗಿಸದೆ ಬಣ್ಣದಲ್ಲಿ ಅಥವಾ ಬೂದು ಛಾಯೆಯಲ್ಲಿಯೇ ಇಡುವುದು ಒಳಿತು. ಕಪ್ಪು-ಬಿಳುಪಿಗೆ ತಿರುಗಿಸಿದಾಗ ತೆಳುವಾದ ಶಾಯಿ ಬಿಳುಪಾಗಿ ಅಳಿಯುತ್ತದೆ, ಕಲೆಯು ಕಪ್ಪಾಗಿ ಅಂಕಿಗೆ ಸೇರುತ್ತದೆ. ವಹಿಯ ಗೆರೆಗಳು ಕೆಂಪಾಗಿದ್ದು ಬರಹ ನೀಲಿ ಶಾಯಿಯಲ್ಲಿದ್ದರೆ ಬಣ್ಣದ ಸ್ಕ್ಯಾನ್ ಇನ್ನೂ ಉಪಯುಕ್ತ. ಚಿತ್ರದ ಕೆಂಪು ಪದರವನ್ನು ಮಾತ್ರ ನೋಡಿದಾಗ ಕೆಂಪು ಗೆರೆಗಳು ಮಾಸಿ ನೀಲಿ ಬರಹ ಗಾಢವಾಗಿ ಉಳಿಯುತ್ತದೆ.

ಎರಡನೆಯ ತುಣುಕನ್ನು ಅದೇ ಪುಟದ ಬೇರೆ ಸಾಲುಗಳಿಂದ ತೆಗೆಯಬೇಕು. ಅದೇ ಕೈ ಬರೆದ, ನಿಸ್ಸಂದೇಹವಾದ ಕೆಲವು 3 ಮತ್ತು 8ಗಳನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಒಬ್ಬೊಬ್ಬರ 8 ಒಂದೊಂದು ರೀತಿ. ಕೆಲವರು ಮೇಲಿನಿಂದ ಒಂದೇ ಎಳೆತದಲ್ಲಿ ಬರೆಯುತ್ತಾರೆ, ಕೆಲವರು ಎರಡು ಸೊನ್ನೆಗಳನ್ನು ಒಂದರ ಮೇಲೊಂದು ಇಡುತ್ತಾರೆ. ಮುದ್ರಿತ ಅಂಕಿಗಿಂತ ಆ ಕೈಯ ರೂಢಿಯೇ ಇಲ್ಲಿ ನಂಬಬಹುದಾದ ಅಳತೆ.

ಮತ್ತೆ ಓದುವವರು ಮೊದಲು ಓದಿದವರಲ್ಲದೆ ಬೇರೊಬ್ಬರಾಗಿರಬೇಕು. ಅವರಿಗೆ ಮೊದಲ ಓದು ಯಾವುದು, ಲೆಕ್ಕಕ್ಕೆ ಹೊಂದುವ ಅಂಕಿ ಯಾವುದು ಎಂಬುದನ್ನು ಮುಂಚಿತವಾಗಿ ಹೇಳಬಾರದು. 380 ಬರಬೇಕು ಎಂದು ಹೇಳಿ ಕೊಟ್ಟ ತುಣುಕಿನಲ್ಲಿ ಯಾರಿಗಾದರೂ 380 ಕಾಣುತ್ತದೆ.

ಲೆಕ್ಕಕ್ಕೆ ಹೊಂದುವ ಅಂಕಿಯನ್ನೇ ಬರೆದರೆ ಆಗದೇ?

ಕೂಡುವ ಲೆಕ್ಕವೇ 380 ಎಂದು ತೋರಿಸಿದ ಮೇಲೆ ಮತ್ತೆ ಕತ್ತರಿಸುವ ಶ್ರಮವೇಕೆ ಎಂಬ ಪ್ರಶ್ನೆ ಸಹಜ. ಲೆಕ್ಕವು ತಪ್ಪು ಇರುವ ಸ್ಥಳವನ್ನು ತೋರಿಸುತ್ತದೆ, ವಹಿಯಲ್ಲಿ ಏನು ಬರೆದಿದೆ ಎಂಬುದನ್ನು ಅದು ಹೇಳುವುದಿಲ್ಲ. ವಹಿ ಬರೆದವರು 880 ಎಂದೇ ಬರೆದು ಕೂಡುವಾಗ ತಪ್ಪಿರುವ ಸಾಧ್ಯತೆಯೂ ಇದೆ. ಆಗ ಒಟ್ಟು ಬೇಡಿಕೆಯೇ ತಪ್ಪಾಗಿ, ಪಂಚಾಯಿತಿಗೆ ಬರಬೇಕಾದ 500 ರೂಪಾಯಿ ಲೆಕ್ಕದಿಂದ ಬಿಟ್ಟುಹೋಗಿರುತ್ತದೆ. ಗಣಕೀಕರಣದ ವೇಳೆ 380 ಎಂದು ತಿದ್ದಿಬಿಟ್ಟರೆ ಆ ಲೋಪ ಎಂದಿಗೂ ಬೆಳಕಿಗೆ ಬರುವುದಿಲ್ಲ. ಓದು ತಪ್ಪಾಗಿದ್ದರೆ ಒಂದು ಕುಟುಂಬದ ಮೇಲೆ ಇಲ್ಲದ ಬಾಕಿ ಬೀಳುತ್ತದೆ, ಬರಹ ತಪ್ಪಾಗಿದ್ದರೆ ಪಂಚಾಯಿತಿಯ ಆದಾಯ ಕಳೆಯುತ್ತದೆ. ಇವೆರಡರಲ್ಲಿ ಯಾವುದು ನಡೆದಿದೆ ಎಂಬುದನ್ನು ಚಿತ್ರ ಅಥವಾ ಕಾಗದ ಮಾತ್ರ ಹೇಳಬಲ್ಲದು.

ಉದಾಹರಣೆಯ ಸಾಲಿನಲ್ಲಿ ಮೂಲ ಕಡತದಿಂದ ತೆಗೆದ ತುಣುಕಿನಲ್ಲಿ ಗೆರೆಗೂ ಅಂಕಿಗೂ ನಡುವೆ ಬಿಳಿಯ ಅಂತರ ಸ್ಪಷ್ಟವಾಗಿ ಕಂಡಿತು, ಎರಡನೆಯವರು ಅದನ್ನು 380 ಎಂದು ಓದಿದರು. ಕೊನೆಯದಾಗಿ ಹಿಂದಿನ ವರ್ಷದ ವಹಿಯಲ್ಲಿ ಅದೇ ಆಸ್ತಿಯ ಉಳಿದ ಬಾಕಿಯನ್ನು ನೋಡಲಾಯಿತು. ಹಿಂದಿನ ವರ್ಷದ ಉಳಿದ ಬಾಕಿಯೇ ಈ ವರ್ಷದ ಹಿಂದಿನ ಬಾಕಿಯಾಗಿ ಬರಬೇಕು. ಅಲ್ಲಿಯೂ 380 ಇತ್ತು. ಚಿತ್ರ, ಲೆಕ್ಕ ಮತ್ತು ಹಿಂದಿನ ವಹಿ ಮೂರೂ ಒಂದೇ ಮಾತನ್ನು ಹೇಳಿದ ಮೇಲೆ ಅಂಕಿಯನ್ನು ದಾಖಲಿಸಬಹುದು.

ಒಂದು ವೇಳೆ ಹೊಸ ತುಣುಕಿನಲ್ಲಿಯೂ 880 ಎಂದೇ ಸ್ಪಷ್ಟವಾಗಿ ಕಂಡಿದ್ದರೆ ವಹಿಯಲ್ಲಿರುವಂತೆ 880 ಮತ್ತು 840 ಎರಡನ್ನೂ ದಾಖಲಿಸಿ, ವಹಿಯ ಕೂಡುವಿಕೆಯಲ್ಲಿ ವ್ಯತ್ಯಾಸವಿದೆ ಎಂಬ ಟಿಪ್ಪಣಿಯೊಂದಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಮುಂದಿಡಬೇಕಾಗಿತ್ತು. ಅದನ್ನು ಇತ್ಯರ್ಥಪಡಿಸುವುದು ಆಪರೇಟರ್ ಕೆಲಸವಲ್ಲ.

ಲೆಕ್ಕವೇ ಇಲ್ಲದ ಅಂಕಿಗಳು

ಮೊಬಲಗಿನ ಅಂಕಣಗಳಿಗೆ ಕೂಡುವ, ಕಳೆಯುವ ಕಾವಲು ಇದೆ. ಆಸ್ತಿ ಸಂಖ್ಯೆ, ರಸೀದಿ ಸಂಖ್ಯೆ, ದಿನಾಂಕ ಮುಂತಾದವುಗಳಿಗೆ ಅಂತಹ ಕಾವಲು ಇಲ್ಲ. ಅವು ತಪ್ಪಾದರೆ ಯಾವ ಮೊತ್ತವೂ ಏರುಪೇರಾಗುವುದಿಲ್ಲ, ಆದರೆ ಒಬ್ಬರ ಬಾಕಿ ಇನ್ನೊಬ್ಬರ ಆಸ್ತಿಗೆ ಹೋಗಿ ಸೇರುತ್ತದೆ.

ಹಳೆಯ ವಹಿಗಳಲ್ಲಿ ಕನ್ನಡ ಅಂಕಿಗಳಿದ್ದರೆ ಇಲ್ಲಿ ಹೆಚ್ಚಿನ ಎಚ್ಚರ ಬೇಕು. ೬ ಮತ್ತು ೯ರ ನಡುವಿನ ವ್ಯತ್ಯಾಸ ಇರುವುದು ಬಾಲ ತಿರುಗುವ ದಿಕ್ಕಿನಲ್ಲಿ. ಆ ಬಾಲದ ಮೇಲೆ ಕಲೆ ಬಿದ್ದರೆ ೧೬೬ ಮತ್ತು ೧೬೯ ಒಂದೇ ಆಗಿಬಿಡುತ್ತವೆ. ತುದಿ ಕೂಡದೆ ತೆರೆದಿರುವ ೧, ಶಾಯಿ ಹರಡಿದಾಗ ೦ಯಂತೆ ಮುಚ್ಚಿಕೊಳ್ಳುತ್ತದೆ. ಶಾಯಿ ಮಾಸಿದಾಗ ೦ಯ ಒಂದು ಬದಿ ಅಳಿದು ೧ರಂತೆ ಕಾಣುತ್ತದೆ. ಒಂದೇ ಪುಟದಲ್ಲಿ ಒಬ್ಬರು ಕನ್ನಡ ಅಂಕಿಯನ್ನೂ, ಬಳಿಕ ಬಂದವರು ಇಂಗ್ಲಿಷ್ ಅಂಕಿಯನ್ನೂ ಬಳಸಿದ್ದರೆ, ತುಣುಕನ್ನು ಮಾತ್ರ ನೋಡುವವರಿಗೆ ಯಾವ ಬಗೆಯ ಅಂಕಿ ಎಂಬುದೂ ತಿಳಿಯುವುದಿಲ್ಲ. ಹಾಗಾಗಿ ಇಂತಹ ತುಣುಕಿನಲ್ಲಿ ಮೇಲೆ ಕೆಳಗೆ ಎರಡು ಮೂರು ಸಾಲುಗಳನ್ನು ಸೇರಿಸಿಯೇ ಕತ್ತರಿಸಬೇಕು. ಸಾಲುಗಳ ಕ್ರಮವೂ ಆಗ ಸಹಾಯಕ್ಕೆ ಬರುತ್ತದೆ. ಮೇಲಿನ ಸಾಲು ೧೬೮, ಕೆಳಗಿನದು ೧೭೦ ಆಗಿದ್ದರೆ ನಡುವಿನದು ೧೬೯ ಆಗಿರುವ ಸಂಭವ ಹೆಚ್ಚು. ಆದರೂ ಆಸ್ತಿ ವಿಭಾಗವಾಗಿ ನಡುವೆ ಉಪಸಂಖ್ಯೆ ಸೇರಿದ್ದರೆ ಈ ಕ್ರಮ ಕೆಡುತ್ತದೆ. ಆದುದರಿಂದ ಲೆಕ್ಕದ ಕಾವಲಿಲ್ಲದ ಅಂಕಣಗಳನ್ನು ಪರಸ್ಪರರ ಓದನ್ನು ಕಾಣದ ಇಬ್ಬರು ಓದಬೇಕು, ಓದು ಬೇರೆಯಾದ ಕಡೆಯಲ್ಲೆಲ್ಲ ಮತ್ತೆ ಕತ್ತರಿಸಬೇಕು.

ತಂತ್ರಾಂಶ ಓದಿದಾಗ ಪ್ರತಿ ಅಂಕಿಯ ಜೊತೆಗೆ ಅದು ಎಷ್ಟು ಖಚಿತ ಎಂಬ ಶೇಕಡಾವಾರು ಸೂಚನೆ ಬರುವುದುಂಟು. ಆ ಸೂಚನೆ ಕಡಿಮೆ ಇರುವ ಕಡೆ ಮತ್ತೆ ಓದುವುದು ಸರಿಯೇ. ಆದರೆ ಹೆಚ್ಚಿನ ಸೂಚನೆಯನ್ನು ಪ್ರಮಾಣಪತ್ರವೆಂದು ಭಾವಿಸಬಾರದು. ಅದು ತನಗೆ ಕೊಟ್ಟ ತುಣುಕಿನ ಬಗ್ಗೆ ಮಾತ್ರ ಹೇಳುತ್ತದೆ. ಗೆರೆ ಅಂಟಿದ 3ನ್ನು ತಂತ್ರಾಂಶವು ಬಹಳ ಖಚಿತವಾಗಿಯೇ 8 ಎನ್ನಬಹುದು. ಅಲ್ಲದೆ ಒಂದೊಂದು ಅಂಕಿಯ ಓದು ನೂರಕ್ಕೆ 99ರಷ್ಟು ಸರಿಯಿದ್ದರೂ ನಾಲ್ಕು ಅಂಕಿಗಳ ಮೊತ್ತಗಳಲ್ಲಿ ನೂರಕ್ಕೆ ಸುಮಾರು 4 ತಪ್ಪಾಗಿರುತ್ತವೆ.

ಚಿತ್ರವನ್ನು ಬಿಟ್ಟು ಕಾಗದಕ್ಕೆ ಮರಳುವುದು ಯಾವಾಗ?

ಮತ್ತೆ ಕತ್ತರಿಸಿ ಓದುವುದಕ್ಕೂ ಒಂದು ಮಿತಿಯಿದೆ. ಮೂಲ ಕಡತದಿಂದ ತೆಗೆದ ತುಣುಕನ್ನು ಇಬ್ಬರು ಓದಿದ ನಂತರವೂ ಒಮ್ಮತ ಬಾರದಿದ್ದರೆ ಅದೇ ಚಿತ್ರದಲ್ಲಿ ಮೂರನೆಯ, ನಾಲ್ಕನೆಯ ಬಾರಿ ಹುಡುಕುವುದು ವ್ಯರ್ಥ. ಹೀಗೆ ಹುಡುಕುತ್ತಾ ಹೋದರೆ ಬೇಕಾದ ಅಂಕಿ ಕಾಣಲಾರಂಭಿಸುತ್ತದೆ. ಆಗ ವಹಿಯನ್ನೇ ತರಿಸಿ, ಪುಟವನ್ನು ಸಮತಟ್ಟಾಗಿರಿಸಿ, ಆ ಭಾಗವನ್ನು ಅಂಗುಲಕ್ಕೆ 600 ಚುಕ್ಕೆಗಳಲ್ಲಿ ಬಣ್ಣದಲ್ಲಿ ಮತ್ತೆ ಸ್ಕ್ಯಾನ್ ಮಾಡಬೇಕು, ಇಲ್ಲವೇ ಒಳ್ಳೆಯ ಬೆಳಕಿನಲ್ಲಿ ಕಣ್ಣಿನಿಂದಲೇ ಓದಬೇಕು. ಬೆಳಕನ್ನು ಒಂದು ಪಕ್ಕದಿಂದ ಓರೆಯಾಗಿ ಬೀಳಿಸಿದರೆ ಶಾಯಿ ಮಾಸಿದ ಕಡೆಯೂ ಲೇಖನಿ ಒತ್ತಿದ ತಗ್ಗು ಕೆಲವೊಮ್ಮೆ ಕಾಣುತ್ತದೆ.

ಚಿತ್ರ ಸ್ಪಷ್ಟವಾಗಿದ್ದರೂ ಕಾಗದಕ್ಕೆ ಮರಳಬೇಕಾದ ಸಂದರ್ಭವೂ ಉಂಟು. 2013ರಲ್ಲಿ ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್ ಅವರು ಝೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನ್ ಯಂತ್ರಗಳಲ್ಲಿನ ಇಂತಹ ದೋಷವೊಂದನ್ನು ಬಹಿರಂಗಪಡಿಸಿದರು. ಕಟ್ಟಡದ ನಕ್ಷೆಯೊಂದರಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11 ಮತ್ತು 17.42 ಚದರ ಮೀಟರ್ ಎಂದಿತ್ತು. ಸ್ಕ್ಯಾನ್ ಆದ ಪ್ರತಿಯಲ್ಲಿ ಮೂರೂ 14.13 ಆಗಿದ್ದವು. ಕಡತವನ್ನು ಚಿಕ್ಕದು ಮಾಡಲು ಯಂತ್ರವು ಒಂದೇ ತೆರನಾಗಿ ಕಾಣುವ ಭಾಗಗಳನ್ನು ಒಂದೇ ಎಂದು ಪರಿಗಣಿಸಿ, ಒಂದರ ಚಿತ್ರವನ್ನೇ ಉಳಿದವುಗಳ ಜಾಗದಲ್ಲಿ ಇರಿಸಿತ್ತು. ಆ ಅಂಕಿಗಳು ಕಿಂಚಿತ್ತೂ ಮಸುಕಾಗಿರಲಿಲ್ಲ. ಇಂತಹ ತಪ್ಪನ್ನು ಎಷ್ಟು ಎಚ್ಚರಿಕೆಯಿಂದ ಕತ್ತರಿಸಿದರೂ ಹಿಡಿಯಲಾಗದು, ಕಾಗದದೊಂದಿಗೆ ಹೋಲಿಸಿದಾಗ ಮಾತ್ರ ಅದು ತಿಳಿಯುತ್ತದೆ. ಅಂಕಿ ಸ್ಪಷ್ಟವಾಗಿ ಕಂಡರೂ ಲೆಕ್ಕ ಹೊಂದದಿದ್ದಾಗ ವಹಿಯನ್ನೇ ನೋಡಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಕಾಗದವೇ ಹರಿದಿದ್ದರೆ ಅಥವಾ ಹುಳು ತಿಂದಿದ್ದರೆ ಆ ಅಂಕಣವನ್ನು ಖಾಲಿ ಬಿಟ್ಟು "ಓದಲಾಗಿಲ್ಲ" ಎಂದು ನಮೂದಿಸಬೇಕು. ಸೊನ್ನೆ ಬರೆಯಬಾರದು, ಏಕೆಂದರೆ ಸೊನ್ನೆ ಎಂದರೆ ಬಾಕಿ ಇಲ್ಲವೆಂದೇ ಅರ್ಥ. ಬಳಿಕ ರಸೀದಿ ಪುಸ್ತಕದ ಪ್ರತಿ, ನಗದು ಪುಸ್ತಕ, ಹಿಂದಿನ ಮತ್ತು ಮುಂದಿನ ವರ್ಷದ ವಹಿಗಳಿಂದ ಮೊತ್ತ ದೊರೆತರೆ ಅದನ್ನು ಭರ್ತಿ ಮಾಡಿ, ಯಾವ ದಾಖಲೆಯಿಂದ ಪಡೆದದ್ದು ಎಂಬುದನ್ನು ಪಕ್ಕದಲ್ಲಿ ಬರೆಯಬೇಕು. ಆಸ್ತಿಯ ಮಾಲೀಕರ ಬಳಿ ಇರುವ ಹಳೆಯ ರಸೀದಿಯೂ ಇಲ್ಲಿ ಒಂದು ಆಧಾರವಾಗುತ್ತದೆ.

ಸದಸ್ಯರು ಕೇಳಬೇಕಾದದ್ದು

ಪ್ರತಿಯೊಂದು ಅಂಕಿಯನ್ನೂ ಎರಡೆರಡು ಬಾರಿ ಕತ್ತರಿಸಿ ಓದುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ತುಣುಕು ಸ್ಪಷ್ಟವಾಗಿದ್ದು, ಸಾಲಿನ ಲೆಕ್ಕ ಹೊಂದಿ, ಹಿಂದಿನ ವರ್ಷದ ಬಾಕಿಗೂ ಸರಿಹೋದರೆ ಮೊದಲ ಓದನ್ನು ಒಪ್ಪಬಹುದು. ಲೆಕ್ಕ ಹೊಂದದಿದ್ದಾಗ, ಇಬ್ಬರ ಓದು ಬೇರೆಯಾದಾಗ, ಗೆರೆ ಅಥವಾ ಕಲೆ ಅಂಕಿಗೆ ತಾಗಿದಾಗ ಮೂಲ ಕಡತದಿಂದ ಮತ್ತೆ ಕತ್ತರಿಸಲೇಬೇಕು. ಲೆಕ್ಕ ಹೊಂದಿದರೂ ತುಣುಕು ಮಸುಕಾಗಿದ್ದರೆ ಬಿಡುವಂತಿಲ್ಲ. ಹಿಂದಿನ ಬಾಕಿಯನ್ನು 100 ಹೆಚ್ಚಾಗಿಯೂ ಪ್ರಸಕ್ತ ಬೇಡಿಕೆಯನ್ನು 100 ಕಡಿಮೆಯಾಗಿಯೂ ಓದಿದರೆ ಒಟ್ಟು ಸರಿಯಾಗಿಯೇ ಬರುತ್ತದೆ.

ಗಣಕೀಕೃತ ಬೇಡಿಕೆ ಪಟ್ಟಿಯನ್ನು ಪಂಚಾಯಿತಿ ಸಭೆಯ ಮುಂದಿಟ್ಟಾಗ ಸದಸ್ಯರು ಮೂರು ವಿಷಯಗಳನ್ನು ಕೇಳಿ ತಿಳಿದುಕೊಳ್ಳಬಹುದು: ಮತ್ತೆ ಕತ್ತರಿಸಿ ಓದಿದ ಅಂಕಿಗಳೆಷ್ಟು, ಅವುಗಳಲ್ಲಿ ಬದಲಾದವು ಎಷ್ಟು, "ಓದಲಾಗಿಲ್ಲ" ಎಂದು ಉಳಿದವು ಎಷ್ಟು. ನೂರಾರು ಪುಟಗಳ ಹಳೆಯ ವಹಿಯಲ್ಲಿ ಓದಲಾಗದ ಒಂದು ಅಂಕಿಯೂ ಇಲ್ಲವೆಂಬ ಉತ್ತರ ಬಂದರೆ, ಮಸುಕಾದ ಕಡೆಗಳಲ್ಲಿ ಏನು ಮಾಡಲಾಯಿತು ಎಂದು ವಿಚಾರಿಸುವುದು ಯುಕ್ತ. ಪ್ರತಿ ಮರು-ಓದಿಗೂ ಪುಟ ಸಂಖ್ಯೆ, ಸಾಲು, ಮೊದಲ ಓದು, ಎರಡನೆಯ ಓದು, ಅಂತಿಮ ಅಂಕಿ ಮತ್ತು ಅದರ ಆಧಾರವನ್ನು ಬರೆದ ಒಂದು ಸರಳ ಪಟ್ಟಿ ಇರಬೇಕು. ಆ ಪಟ್ಟಿಯಿಂದ ನಾಲ್ಕಾರು ಸಾಲುಗಳನ್ನು ಆಯ್ದು ಮೂಲ ವಹಿಯೊಂದಿಗೆ ಹೋಲಿಸಿ ನೋಡಲು ಸದಸ್ಯರಿಗೆ ಗಣಕಯಂತ್ರದ ಜ್ಞಾನ ಬೇಕಿಲ್ಲ.

ಪಟ್ಟಿಯಲ್ಲಿ ಇನ್ನೂ ಇತ್ಯರ್ಥವಾಗದ ಅಂಕಿಗಳಿರುವ ಆಸ್ತಿಗಳ ಹಿಂದಿನ ಬಾಕಿಯನ್ನು ಬೇಡಿಕೆ ನೋಟೀಸಿನಲ್ಲಿ ಸೇರಿಸದೆ, ಪ್ರಸಕ್ತ ಸಾಲಿನ ಬೇಡಿಕೆಯನ್ನು ಮಾತ್ರ ನಮೂದಿಸಿ, ಬಾಕಿಯು ಪರಿಶೀಲನೆಯಲ್ಲಿದೆ ಎಂದು ತಿಳಿಸುವುದು ಸೂಕ್ತ. ಪರಿಶೀಲನೆ ಮುಗಿಯುವವರೆಗೆ ಮೂಲ ವಹಿಗಳನ್ನೂ ಮೂಲ ಸ್ಕ್ಯಾನ್ ಕಡತಗಳನ್ನೂ ಪಂಚಾಯಿತಿ ಕಚೇರಿಯಲ್ಲಿಯೇ ಉಳಿಸಿಕೊಳ್ಳತಕ್ಕದ್ದು.